ಇಷ್ಟವಿಲ್ಲದ ಕೆಲಸವನ್ನು ನಮ್ಮದಾಗಿಸಿಕೊಳ್ಳುವುದು ಹೇಗೆ?

ಇಷ್ಟಪಟ್ಟು ಮಾಡುವ ಕೆಲಸಕ್ಕೆ ಯಾರೂ ಪ್ರೇರಣೆ ಹುಡುಕಿಕೊಂಡು ಹೋಗುವುದಿಲ್ಲ. ಪೇಚಾಟ ಇರುವುದು ಇನ್ನೊಂದು ಬಗೆಯ ಕೆಲಸದಲ್ಲಿ: ಮಾಡಲು ಬೇಸರ, ಬಿಟ್ಟರೆ ನಡೆಯದು. ಕಚೇರಿಯಲ್ಲಿ ಅದು ವಾರದ ವರದಿ ತುಂಬುವುದೋ ಹಳೆಯ ದಾಖಲೆ ಸರಿಪಡಿಸುವುದೋ ಇರಬಹುದು. ಓದಿನಲ್ಲಿ, ಪದವಿಗೆ ಬೇಕು ಎಂಬ ಒಂದೇ ಕಾರಣಕ್ಕೆ ಎದುರಿಸುವ ಸಂಖ್ಯಾಶಾಸ್ತ್ರದ ಪತ್ರಿಕೆ ಇರಬಹುದು. ಈ ಲೇಖನ ಅಂಥ ಕೆಲಸಗಳ ಬಗ್ಗೆ ಮಾತ್ರ.

ನಾನು ಹತ್ತಾರು ಜನರ ತಂಡವೊಂದನ್ನು ನೋಡಿಕೊಳ್ಳುತ್ತಿದ್ದಾಗ ಒಬ್ಬ ಹುಡುಗ ಸೇರಿದ. ಗ್ರಾಹಕರಿಂದ ಬರುವ ದೂರುಗಳನ್ನು ಓದಿ, 14 ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಗುರುತು ಹಾಕುವುದು ಅವನ ಕೆಲಸದ ಒಂದು ಭಾಗ. ದಿನಕ್ಕೆ ಸುಮಾರು 60 ದೂರು. ಉಳಿದ ಕೆಲಸದಲ್ಲಿ ಚುರುಕಾಗಿದ್ದ ಅವನು ಇದನ್ನು ಮಾತ್ರ ಸಂಜೆಯವರೆಗೆ ತಳ್ಳಿ, ಮನೆಗೆ ಹೊರಡುವ ಹೊತ್ತಿಗೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ. ತಪ್ಪುಗಳು ಬರುತ್ತಿದ್ದವು. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಎಚ್ಚರಿಸಿದೆ, ಪ್ರತಿದಿನ ಪಟ್ಟಿ ತರಿಸಿ ನೋಡಿದೆ. ತಪ್ಪು ಎರಡು ವಾರ ತಗ್ಗಿತು. ನಾನು ನೋಡುವುದು ನಿಲ್ಲಿಸಿದ ಮೇಲೆ ಮತ್ತೆ ಮೊದಲಿನಂತೆಯೇ ಆಯಿತು. ಯಾಕೆ ಹಾಗಾಯಿತು, ಆಮೇಲೆ ಏನು ಮಾಡಿದೆವು ಎಂಬುದನ್ನು ಹಂತಹಂತವಾಗಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದು ಬೆಳೆಸಿದ ಸ್ವನಿರ್ಣಯ ಸಿದ್ಧಾಂತ 1985ರಲ್ಲಿ ಪುಸ್ತಕವಾಗಿ ಪೂರ್ಣ ರೂಪ ಪಡೆಯಿತು. ಅದರ ಪ್ರಕಾರ ಮನಸ್ಸಿಗೆ ಮೂರು ಮೂಲ ಅಗತ್ಯಗಳಿವೆ. ಮಾಡುತ್ತಿರುವುದಕ್ಕೆ ನನ್ನ ಒಪ್ಪಿಗೆ ಇದೆ ಎನ್ನಿಸುವುದು ಸ್ವಾಯತ್ತತೆ. ಇದು ನನ್ನಿಂದ ಆಗುತ್ತದೆ, ದಿನದಿಂದ ದಿನಕ್ಕೆ ಕೈ ಪಳಗುತ್ತಿದೆ ಎನ್ನಿಸುವುದು ಸಾಮರ್ಥ್ಯ. ನನ್ನನ್ನು ಲೆಕ್ಕಕ್ಕೆ ಹಿಡಿಯುವವರು ಇದ್ದಾರೆ, ನಾನೂ ಅವರಿಗೆ ಬೇಕಾದವನು ಎನ್ನಿಸುವುದು ಬಾಂಧವ್ಯ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಈಗಲೇ ತೆಗೆದುಹಾಕಬೇಕು. ಸ್ವಾಯತ್ತತೆ ಎಂದರೆ ಯಾರ ಮಾತನ್ನೂ ಕೇಳದೆ ಒಬ್ಬರೇ ಇರುವುದಲ್ಲ. ಇನ್ನೊಬ್ಬರು ಹೇಳಿದ ಕೆಲಸವನ್ನೂ ಪೂರ್ಣ ಮನಸ್ಸಿನಿಂದ ಮಾಡಬಹುದು. ಯಾರೂ ಹೇಳದಿದ್ದರೂ ತನ್ನ ಮೇಲೆ ತಾನೇ ಚಾಟಿ ಬೀಸಿಕೊಂಡು ಮಾಡಬಹುದು. ಮೊದಲನೆಯದರಲ್ಲಿ ಸ್ವಾಯತ್ತತೆ ಇದೆ, ಎರಡನೆಯದರಲ್ಲಿ ಇಲ್ಲ.

ಆ ಎರಡನೆಯ ಸ್ಥಿತಿಯೇ ಈ ಲೇಖನದ ಮುಖ್ಯ ವಿಷಯ. ಬೇಸರದ ಕೆಲಸವನ್ನು ನಾವು ಯಾಕೆ ಮಾಡುತ್ತೇವೆ ಎಂಬುದಕ್ಕೆ ಈ ಸಿದ್ಧಾಂತ ಮೆಟ್ಟಿಲುಗಳನ್ನು ಗುರುತಿಸುತ್ತದೆ. ಕೆಳಗಿನ ಮೆಟ್ಟಿಲು ಹೊರಗಿನ ಒತ್ತಡ: ಬೈಸಿಕೊಳ್ಳುತ್ತೇನೆ, ಸಂಬಳ ಹಿಡಿಯುತ್ತಾರೆ. ಅದರ ಮೇಲಿನದು ಒಳಗೆ ಹೊಕ್ಕು ಕೂತ ಒತ್ತಡ: ಈಗ ಬೈಯುವವರು ಹೊರಗಿಲ್ಲ, ನಾನೇ ನನ್ನನ್ನು ಬೈದುಕೊಳ್ಳುತ್ತೇನೆ. ಮಾಡದಿದ್ದರೆ ನಾಚಿಕೆ, ಅಪರಾಧಿ ಭಾವ. ಅದರ ಮೇಲಿನದು ಮನಗಂಡು ಮಾಡುವುದು: ಕೆಲಸ ಇಷ್ಟವಾಗದಿರಬಹುದು, ಆದರೆ ಅದರಿಂದ ಆಗುವುದು ನನಗೆ ಮುಖ್ಯ. ಅದಕ್ಕೂ ಮೇಲೆ, ಆ ಕೆಲಸ ನಮ್ಮ ಉಳಿದ ಬಾಳಿನ ಮೌಲ್ಯಗಳ ಜೊತೆ ಬೆರೆತುಹೋಗುವ ಒಂದು ಮೆಟ್ಟಿಲಿದೆ. ಕೆಲಸದಲ್ಲೇ ಸಿಗುವ ಖುಷಿ ಬೇರೆಯೇ ಸಂಗತಿ. ಬೇಸರದ ಕೆಲಸದಿಂದ ಅದನ್ನು ನಿರೀಕ್ಷಿಸಬೇಕಾಗಿಲ್ಲ, ಮನಗಂಡು ಮಾಡುವ ಮೆಟ್ಟಿಲಿಗೆ ಬಂದರೆ ಸಾಕು.

ಎರಡನೆಯ ಮತ್ತು ಮೂರನೆಯ ಮೆಟ್ಟಿಲು ಹೊರಗಿನವರ ಕಣ್ಣಿಗೆ ಒಂದೇ. ಎರಡರಲ್ಲೂ ಮನುಷ್ಯ ಶ್ರಮಪಡುತ್ತಿರುತ್ತಾನೆ. ರಯಾನ್ ಮತ್ತು ಜೇಮ್ಸ್ ಕಾನೆಲ್ 1989ರಲ್ಲಿ ಶಾಲಾ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಬಗೆಯ ಕಾರಣಗಳು ಹೆಚ್ಚಿನ ಪ್ರಯತ್ನದ ಜೊತೆಗೇ ಕಂಡುಬಂದವು. ಆದರೆ ಒಳಗಿನ ಒತ್ತಡದಿಂದ ಓದುವ ಮಕ್ಕಳಲ್ಲಿ ಆತಂಕ ಹೆಚ್ಚು, ಸೋತಾಗ ಕುಗ್ಗುವುದೂ ಹೆಚ್ಚು. ಮನಗಂಡು ಓದುವವರಲ್ಲಿ ಶಾಲೆಯ ಬಗ್ಗೆ ಸಂತೋಷ ಹೆಚ್ಚು, ಸೋತರೆ ದಾರಿ ಹುಡುಕುವ ಪ್ರವೃತ್ತಿ ಹೆಚ್ಚು. ಹಾಗಾಗಿ "ಕೆಲಸ ಆಗುತ್ತಿದೆಯಲ್ಲ, ಬಿಡು" ಎಂದು ಸುಮ್ಮನಾಗುವಂತಿಲ್ಲ.

ಹಂತ 1: ಐದು ದಿನ ಕಾರಣ ಬರೆದಿಡಿ

ಒಂದೇ ಒಂದು ಕೆಲಸ ಆರಿಸಿಕೊಳ್ಳಿ. "ನನ್ನ ಉದ್ಯೋಗ", "ನನ್ನ ಓದು" ಎಂದು ದೊಡ್ಡದಾಗಿ ಹಿಡಿದರೆ ಏನೂ ತಿಳಿಯುವುದಿಲ್ಲ. "ಸಂಜೆಯ ದೂರುಗಳ ವರ್ಗೀಕರಣ" ಎನ್ನುವಷ್ಟು ಚಿಕ್ಕದಿರಲಿ. ಆ ಕೆಲಸಕ್ಕೆ ಕೂರುವ ಮುನ್ನ "ಇದನ್ನು ಈಗ ಯಾಕೆ ಮಾಡುತ್ತಿದ್ದೇನೆ?" ಎಂದು ಕೇಳಿಕೊಂಡು, ಮೊದಲು ಬಂದ ಉತ್ತರವನ್ನು ತಿದ್ದದೆ ಬರೆಯಿರಿ. ಐದು ದಿನ ಸಾಕು.

ಸುಂದರವಾದ ಉತ್ತರ ಬರೆಯುವ ಆಸೆ ಬರುತ್ತದೆ. ಬರೆಯಬೇಡಿ. ಆ ಹುಡುಗ ನನಗೆ ತೋರಿಸಿದ ಐದು ಸಾಲುಗಳಲ್ಲಿ ಎರಡು "ಮೇಡಂ ನೋಡುತ್ತಾರೆ", ಎರಡು "ಇಷ್ಟೂ ಮಾಡಲಾಗದವನು ಅನ್ನಿಸಿಕೊಳ್ಳಬಾರದು", ಒಂದು "ಗೊತ್ತಿಲ್ಲ". ಬೇರಾವ ಪ್ರಶ್ನಾವಳಿಯೂ ನನಗೆ ಇಷ್ಟು ಹೇಳುತ್ತಿರಲಿಲ್ಲ. ಮೊದಲ ಎರಡು ಹೊರಗಿನ ಒತ್ತಡ, ನಡುವಿನ ಎರಡು ಒಳಗೆ ಹೊಕ್ಕ ಒತ್ತಡ. ಕೊನೆಯದು ಪ್ರೇರಣೆಯೇ ಇಲ್ಲದ ಸ್ಥಿತಿ. ಆ ಕೆಲಸದಿಂದ ಏನಾಗುತ್ತದೆ ಎಂಬುದು ಒಂದು ಸಾಲಿನಲ್ಲೂ ಇರಲಿಲ್ಲ.

ಉತ್ತರಗಳನ್ನು ವಿಂಗಡಿಸಲು ಒಂದು ಸುಲಭದ ಗುರುತಿದೆ. ವಾಕ್ಯ ಯಾರ ಬಗ್ಗೆ ಇದೆ ನೋಡಿ. ನೋಡುವವರ ಬಗ್ಗೆ ಇದ್ದರೆ ಹೊರಗಿನ ಒತ್ತಡ. ನಿಮ್ಮ ಮರ್ಯಾದೆಯ ಬಗ್ಗೆ ಇದ್ದರೆ ಒಳಗಿನ ಒತ್ತಡ. ಕೆಲಸದ ಫಲದ ಬಗ್ಗೆ ಇದ್ದರೆ ನೀವಾಗಲೇ ಅರ್ಧ ದಾರಿ ಬಂದಿದ್ದೀರಿ.

ಹಂತ 2: ಕೆಲಸದ ಬೆನ್ನುಹತ್ತಿ ಹೋಗಿ, ನಿಜವಾದ ಕಾರಣ ಹುಡುಕಿ

ಇದೂ ಸೇರಿ ಮೂರು ಹಂತಗಳ ಹಿಂದೆ ಒಂದು ಪ್ರಯೋಗವಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಡೆಸಿ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಈ ಪ್ರಯೋಗಕ್ಕೆ ಬೇಕೆಂದೇ ನೀರಸ ಕೆಲಸವನ್ನು ಆರಿಸಿದ್ದರು: ಕಂಪ್ಯೂಟರ್ ಪರದೆಯಲ್ಲಿ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒಂದು ಕೀಲಿ ಒತ್ತಬೇಕು, ಅಷ್ಟೇ. ಅವರು ಬದಲಿಸಿ ನೋಡಿದ್ದು ಮೂರು ಸಂಗತಿಗಳನ್ನು. ಒಂದು, ಈ ಕೆಲಸದ ಉಪಯೋಗವೇನೆಂದು ಹೇಳುವುದು. ಇಂಥ ಅಭ್ಯಾಸ ಏಕಾಗ್ರತೆಗೆ ಸಂಬಂಧಿಸಿದ್ದು, ವಿಮಾನ ಸಂಚಾರ ನಿಯಂತ್ರಕರ ತರಬೇತಿಯಲ್ಲೂ ಬಳಸುತ್ತಾರೆ ಎಂದು ವಿವರಿಸಿದರು. ಎರಡು, ಇದು ಬೇಸರ ತರಿಸಬಹುದು ಎಂದು ಒಪ್ಪಿಕೊಳ್ಳುವುದು. ಮೂರು, "ಮಾಡಲೇಬೇಕು" ಎಂಬ ಧಾಟಿ ಬಿಟ್ಟು ಆಯ್ಕೆ ಇದೆ ಎನ್ನಿಸುವಂತೆ ಮಾತಾಡುವುದು.

ಆಮೇಲೆ ಪ್ರಯೋಗದಲ್ಲಿ ಪಾಲ್ಗೊಂಡವರನ್ನು ಒಬ್ಬೊಬ್ಬರನ್ನೇ ಬಿಟ್ಟು, ಬಿಡುವಿನ ಹೊತ್ತಿನಲ್ಲಿ ತಾವಾಗಿ ಆ ಕೆಲಸಕ್ಕೆ ಕೈ ಹಾಕುತ್ತಾರಾ ಎಂದು ಗಮನಿಸಿದರು. ಮೂರರಲ್ಲಿ ಎರಡಾದರೂ ಸಂಗತಿ ಸಿಕ್ಕವರು ಹೆಚ್ಚು ಹೊತ್ತು ಮಾಡಿದರು. ನನಗೆ ಮುಖ್ಯವೆನಿಸುವ ವಿಷಯ ಇನ್ನೊಂದು. ಅಂಥವರಲ್ಲಿ ಹೆಚ್ಚು ಮಾಡಿದವರು ಅದಕ್ಕೆ ಹೆಚ್ಚು ಬೆಲೆ ಕೊಟ್ಟವರೂ ಆಗಿದ್ದರು, ಮಾಡುವುದಕ್ಕೂ ಮನಸ್ಸಿಗೂ ತಾಳೆ ಇತ್ತು. ಒಂದೋ ಏನೂ ಇಲ್ಲವೋ ಸಿಕ್ಕವರಲ್ಲಿ ಕೆಲವರು ತಾವಾಗಿ ಮಾಡಿದರೂ ಆ ತಾಳೆ ತಿರುವುಮುರುವಾಗಿತ್ತು. ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ನಾನು ಪಟ್ಟಿ ತರಿಸಿ ನೋಡುತ್ತಿದ್ದಾಗ ಆ ಹುಡುಗನಲ್ಲಿ ಆಗಿದ್ದೂ ಅದೇ ಇರಬೇಕು.

ಈಗ ಕಾರಣದ ವಿಷಯ. "ಇದು ಸಂಸ್ಥೆಗೆ ಮುಖ್ಯ", "ಇದು ನಿನ್ನ ಭವಿಷ್ಯಕ್ಕೆ ಒಳ್ಳೆಯದು" ಎಂಬ ಕಾರಣಗಳು ಕೆಲಸಕ್ಕೆ ಬರುವುದಿಲ್ಲ. ಅವು ಸುಳ್ಳೆಂದಲ್ಲ, ಯಾವ ಕೆಲಸಕ್ಕಾದರೂ ಅಂಟಿಸಬಹುದು ಎಂಬುದೇ ಅವುಗಳ ದೋಷ. ಕಾರಣ ಈ ಕೆಲಸಕ್ಕೇ ಸೇರಿದ್ದಾಗಿರಬೇಕು, ಮಾಡುವವನ ಕಣ್ಣಿಗೆ ಕಾಣುವಂತಿರಬೇಕು. ಅದನ್ನು ಹುಡುಕುವ ದಾರಿ, ಕೆಲಸದ ಬೆನ್ನುಹತ್ತಿ ಹೋಗುವುದು. ನೀವು ಮುಗಿಸಿದ್ದು ಮುಂದೆ ಯಾರ ಕೈಗೆ ಹೋಗುತ್ತದೆ? ಅವರು ಅದರಿಂದ ಏನು ಮಾಡುತ್ತಾರೆ? ತಪ್ಪಾಗಿದ್ದರೆ ಅವರಿಗೆ ಏನಾಗುತ್ತದೆ?

ಒಂದು ಮಧ್ಯಾಹ್ನ ಅವನೂ ನಾನೂ ಹಿಂದಿನ ವಾರ ಅವನು ಗುರುತು ಹಾಕಿದ ಹತ್ತು ದೂರುಗಳನ್ನು ಹಿಡಿದು, ಅವು ಹೋದ ಕಡೆಗೆಲ್ಲ ಹೋದೆವು. ಬಿಲ್ಲಿನ ದೂರು ನೋಡುವವರು ತಮ್ಮ ವರ್ಗದ ಗುರುತಿರುವುದನ್ನು ಮಾತ್ರ ತೆರೆಯುತ್ತಿದ್ದರು. "ಇತರೆ" ಎಂಬ ವರ್ಗಕ್ಕೆ ದಿನನಿತ್ಯ ನೋಡುವವರೇ ಇರಲಿಲ್ಲ, ವಾರಕ್ಕೊಮ್ಮೆ ಯಾರೋ ಒಬ್ಬರು ತೆರೆಯುತ್ತಿದ್ದರು. ಅವನು ಅವಸರದಲ್ಲಿ 60ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೂರುಗಳನ್ನು "ಇತರೆ"ಗೆ ತಳ್ಳುತ್ತಿದ್ದ. ಎರಡು ಸಲ ಹಣ ಕಡಿತವಾಗಿದೆ ಎಂದು ಬರೆದಿದ್ದ ಒಬ್ಬ ಹೆಂಗಸಿನ ದೂರು ಅಲ್ಲಿ ಆರು ದಿನ ಬಿದ್ದಿತ್ತು. ಅದನ್ನು ಓದಿ ಅವನು, "ಮೇಡಂ, ಇದು ಇಲ್ಲಿ ಬಂದು ಕೂರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದ. ನಾನು ಬೇರೆ ವಿವರಣೆ ಕೊಡಲು ಹೋಗಲಿಲ್ಲ.

ಬೆನ್ನುಹತ್ತಿ ಹೋದಾಗ, ಆ ಕೆಲಸ ಯಾರ ಕೈಗೂ ಹೋಗುವುದಿಲ್ಲ ಎಂದು ಗೊತ್ತಾಗುವುದೂ ಉಂಟು. ಯಾರೂ ಓದದ ವರದಿಗಳು ಬೇಕಾದಷ್ಟಿವೆ. ಹಾಗಾದರೆ ಸುಳ್ಳು ಕಾರಣ ಕಟ್ಟಬೇಡಿ. ಆ ಕೆಲಸವನ್ನು ನಿಲ್ಲಿಸಲು ಅಥವಾ ಮೊಟಕುಗೊಳಿಸಲು ಮೇಲಿನವರನ್ನು ಕೇಳಿ. ಅರ್ಥವಿಲ್ಲದ ಕೆಲಸವನ್ನು ಮನಸ್ಸಿಗೆ ಹತ್ತಿಸಿಕೊಳ್ಳಲು ಪಡುವ ಪಾಡು ವ್ಯರ್ಥ.

ಹಂತ 3: ಬೇಸರವನ್ನು ಬೇಸರ ಎಂದೇ ಹೇಳಿ

ಇದು ಅತ್ಯಂತ ಚಿಕ್ಕ ಹಂತ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಕೆಲಸ ಹೇಳುವವರು ಅದನ್ನು ಆಕರ್ಷಕವಾಗಿ ತೋರಿಸಲು ಹೊರಡುತ್ತಾರೆ. ಕೇಳುವವನಿಗೆ ತನ್ನ ಅನುಭವವೇ ತಪ್ಪು ಎಂದು ಹೇಳಿದಂತಾಗುತ್ತದೆ. ಹೇಳಬೇಕಾದದ್ದು ಇಷ್ಟೇ: "ಅರವತ್ತು ದೂರು ಒಂದರ ಮೇಲೊಂದು ಓದೋದು ಬೇಸರದ ಕೆಲಸವೇ. ಮೂವತ್ತಾದ ಮೇಲೆ ನನಗೂ ಕಣ್ಣು ಮಂಜಾಗುತ್ತೆ." ನೀವು ನಿಮಗೇ ಕೆಲಸ ಕೊಟ್ಟುಕೊಳ್ಳುವಾಗಲೂ ಇದೇ ಮಾತು. ಬೇಸರವಾಗುತ್ತಿದೆ ಎಂದು ಒಪ್ಪಿಕೊಂಡರೆ, ಬೇಸರ ಪಟ್ಟಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳುವ ಎರಡನೆಯ ಹೊರೆ ಇಳಿಯುತ್ತದೆ.

ಒಂದು ಎಚ್ಚರಿಕೆ: ಒಪ್ಪಿಕೊಂಡ ಕೂಡಲೇ "ಆದರೆ" ಎಂದು ಶುರು ಮಾಡಬೇಡಿ. "ಬೇಸರ ಆಗುತ್ತೆ, ಗೊತ್ತು, ಆದರೆ ಎಲ್ಲರೂ ಮಾಡ್ತಾರಲ್ಲ" ಎಂದರೆ ಮೊದಲರ್ಧ ಅಳಿಸಿಹೋಗುತ್ತದೆ.

ಹಂತ 4: ನಿಜವಾಗಿ ಆಯ್ಕೆ ಇರುವ ಕಡೆ ಆಯ್ಕೆ ಕೊಡಿ

ಕೆಲಸ ಮಾಡುವುದೋ ಬಿಡುವುದೋ ಎಂಬ ಆಯ್ಕೆ ಬಹುಪಾಲು ಸಲ ಇರುವುದಿಲ್ಲ. ಇದೆಯೆಂದು ನಟಿಸುವುದು ಒತ್ತಡ ಹಾಕುವುದಕ್ಕಿಂತ ಕೆಟ್ಟದ್ದು. "ನಿಮಗೆ ಇಷ್ಟವಿದ್ದರೆ ಮಾಡಿ" ಎಂದು ಹೇಳಿ, ಮಾಡದಿದ್ದಾಗ ಮುಖ ಊದಿಸಿಕೊಂಡರೆ ಮುಂದೆ ನಿಮ್ಮ ಯಾವ ಮಾತನ್ನೂ ಅವರು ನಂಬುವುದಿಲ್ಲ. ಆದ್ದರಿಂದ ಏನು ಕದಲುವಂತಿಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿ. ನಮ್ಮಲ್ಲಿ ಕದಲದ್ದು ಎರಡೇ: ಆ ದಿನದ ದೂರು ಆ ದಿನವೇ ಮುಗಿಯಬೇಕು, 14 ವರ್ಗಗಳನ್ನು ಬದಲಿಸುವಂತಿಲ್ಲ. ಉಳಿದದ್ದೆಲ್ಲ ಅವನ ಕೈಗೆ ಬಿಟ್ಟೆ. ಯಾವ ಹೊತ್ತಿಗೆ, ಎಷ್ಟೆಷ್ಟು ಕಂತಿನಲ್ಲಿ, ಯಾವ ಕ್ರಮದಲ್ಲಿ, ಅನುಮಾನದ ದೂರುಗಳನ್ನು ಹೇಗೆ ಎತ್ತಿಡುವುದು.

ಅವನು ಬೆಳಿಗ್ಗೆ ಮಾಡುತ್ತೇನೆ ಎನ್ನಬಹುದು ಎಂದು ನಾನು ಎಣಿಸಿದ್ದೆ. ಅವನು ಮೂರು ಕಂತು ಮಾಡಿಕೊಂಡ: ಬೆಳಿಗ್ಗೆ 20, ಊಟಕ್ಕೆ ಮುಂಚೆ 20, ನಾಲ್ಕು ಗಂಟೆಗೆ 20. ಅನುಮಾನದವನ್ನು "ಇತರೆ"ಗೆ ಹಾಕುವ ಬದಲು ಪಕ್ಕಕ್ಕಿಟ್ಟು ಕೊನೆಯ ಕಂತಿನಲ್ಲಿ ನೋಡುವುದೂ ಅವನದೇ ಯೋಚನೆ. ನಾನು ಹೇಳಿಕೊಟ್ಟಿದ್ದರೆ ಇದು ಇನ್ನೊಂದು ನಿಯಮವಾಗುತ್ತಿತ್ತು.

ಮಿತಿ ಹಾಕುವುದೇ ತಪ್ಪಲ್ಲ, ಹಾಕುವ ಮಾತಿನಲ್ಲಿ ವ್ಯತ್ಯಾಸವಿದೆ. ರಿಚರ್ಡ್ ಕೋಸ್ಟ್ನರ್ ಮತ್ತು ಸಂಗಡಿಗರ 1984ರ ಅಧ್ಯಯನದಲ್ಲಿ ಚಿತ್ರ ಬರೆಯುವ ಚಿಕ್ಕ ಮಕ್ಕಳಿಗೆ ಬಣ್ಣ ಚೆಲ್ಲದೆ ಶುಚಿಯಾಗಿರಿ ಎಂದು ಎರಡು ಧಾಟಿಯಲ್ಲಿ ಹೇಳಿದರು. ಒಂದು ಗುಂಪಿಗೆ ಕಟ್ಟಪ್ಪಣೆ. ಇನ್ನೊಂದಕ್ಕೆ ಕಾರಣ ಹೇಳಿ, ಬಣ್ಣ ಎರಚಾಡುವುದು ಖುಷಿಯೇ ಎಂದು ಒಪ್ಪಿಕೊಂಡು ಅದೇ ಮಿತಿ. ಕಟ್ಟಪ್ಪಣೆ ಕೇಳಿದ ಮಕ್ಕಳಿಗೆ ಚಿತ್ರ ಬರೆಯುವ ಆಸಕ್ತಿ ಕುಂದಿತು. ಎರಡನೆಯ ಗುಂಪಿನವರಿಗೆ ಹಾಗಾಗಲಿಲ್ಲ.

ನಮ್ಮೊಳಗೆ ನಾವೇ ಆಡಿಕೊಳ್ಳುವ ಮಾತಿಗೂ ಇದು ಸಲ್ಲುತ್ತದೆ. "ಇವತ್ತು ಈ ಅಧ್ಯಾಯ ಮುಗಿಸಲೇಬೇಕು, ಇಲ್ಲದಿದ್ದರೆ ನಾನು ಯಾತಕ್ಕೂ ಲಾಯಕ್ಕಿಲ್ಲ" ಎಂಬುದು ಕಟ್ಟಪ್ಪಣೆ. "ಈ ಅಧ್ಯಾಯ ಬಂದರೆ ಮುಂದಿನದು ಸಲೀಸು, ಇವತ್ತು ಮೊದಲ ಎರಡು ಭಾಗ ನೋಡುತ್ತೇನೆ" ಎಂಬುದು ಅದೇ ಮಿತಿಯ ಇನ್ನೊಂದು ಧಾಟಿ.

ಹಂತ 5: ಕೈ ಪಳಗುತ್ತಿರುವುದು ಕಾಣುವಂತೆ ಮಾಡಿ

ಬೇಸರ ಎನ್ನುವುದರ ಅಡಿಯಲ್ಲಿ ಎಷ್ಟೋ ಸಲ ಇರುವುದು ಅಸ್ಪಷ್ಟತೆ. ಸರಿ ಮಾಡುತ್ತಿದ್ದೇನೋ ತಪ್ಪು ಮಾಡುತ್ತಿದ್ದೇನೋ ತಿಳಿಯದ ಕೆಲಸದಲ್ಲಿ ಯಾರಿಗೂ ಮನಸ್ಸು ನಿಲ್ಲುವುದಿಲ್ಲ. ಆ ಹುಡುಗನಿಗೆ ನನ್ನಿಂದ ಸಿಗುತ್ತಿದ್ದದ್ದು ತಿಂಗಳಿಗೊಮ್ಮೆ "ತಪ್ಪು ಜಾಸ್ತಿ ಆಗ್ತಿದೆ" ಎಂಬ ಒಂದು ಮಾತು. ಅದರಿಂದ ಅವನು ಏನು ಕಲಿಯಬೇಕಿತ್ತು?

ನಾವು ಹೀಗೆ ಮಾಡಿದೆವು. ವಾರಕ್ಕೊಮ್ಮೆ 20 ದೂರುಗಳನ್ನು ಅವನೂ ಪಕ್ಕದ ಸಹೋದ್ಯೋಗಿಯೂ ಬೇರೆಬೇರೆಯಾಗಿ ಓದಿ ಗುರುತು ಹಾಕುವುದು, ಆಮೇಲೆ ಜೋಡಿಸಿ ನೋಡುವುದು. ಮೊದಲ ವಾರ 20ರಲ್ಲಿ 13 ಹೊಂದಿದವು. ಹೊಂದದ ಏಳರಲ್ಲಿ ಐದು, ಎರಡೇ ವರ್ಗಗಳ ನಡುವೆ ಸಿಕ್ಕಿಕೊಂಡಿದ್ದವು. ಆ ಎರಡು ವರ್ಗಗಳ ವಿವರಣೆಯೇ ಗೊಂದಲದ್ದಾಗಿತ್ತು! ಅದನ್ನು ಇಬ್ಬರೂ ಕೂತು ಸ್ಪಷ್ಟವಾಗಿ ಬರೆದುಕೊಂಡರು. ನಾಲ್ಕನೆಯ ವಾರ 18 ಹೊಂದಿದವು.

ಇಲ್ಲಿ ಮೂರು ಗುಣಗಳನ್ನು ಗಮನಿಸಿ. ಹಿಮ್ಮಾಹಿತಿ ಬೇಗ ಸಿಕ್ಕಿತು. ಅದು ಕೆಲಸದ ಬಗ್ಗೆ ಇತ್ತು, ಅವನ ಬಗ್ಗೆ ಅಲ್ಲ. ಮುಂದೆ ಏನು ಮಾಡಬೇಕೆಂಬುದು ಅದರಲ್ಲೇ ಇತ್ತು. ಇದೇ ಅಂಕಿಯನ್ನು ಗೋಡೆಗೆ ಅಂಟಿಸಿ ಯಾರು ಮುಂದೆ, ಯಾರು ಹಿಂದೆ ಎಂದು ತೋರಿಸಿದ್ದರೆ ಎಲ್ಲ ಕೆಡುತ್ತಿತ್ತು. ಅಂಕಿ ಒಂದೇ ಆದರೂ, ಕಲಿಸುವ ಮಾಹಿತಿಯಾಗುವುದೂ ಹತೋಟಿಯ ಹಗ್ಗವಾಗುವುದೂ ಅದನ್ನು ಬಳಸುವ ರೀತಿಯಿಂದ. ಹೊಗಳಿಕೆಯೂ ಹೀಗೆಯೇ. "ಕಡಿತದ ದೂರನ್ನು ಮರುಪಾವತಿಯಿಂದ ಬೇರೆ ಮಾಡಿದ್ದು ಸರಿಯಾಯಿತು" ಎಂದರೆ ಸಾಮರ್ಥ್ಯಕ್ಕೆ ನೀರೆರೆದಂತೆ. "ಒಳ್ಳೆಯದು, ಹೀಗೇ ಮಾಡಬೇಕು ನೀವು" ಎಂದರೆ ಮತ್ತೆ ಹಗ್ಗ.

ಹಂತ 6: ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇರಲಿ

ಬಾಂಧವ್ಯ ಎಂದ ಕೂಡಲೇ ತಂಡವನ್ನು ಪ್ರವಾಸಕ್ಕೆ ಕರೆದೊಯ್ಯುವುದು ನೆನಪಾಗುತ್ತದೆ. ಬೇಸರದ ಕೆಲಸಕ್ಕೆ ಅದು ತಾಗುವುದಿಲ್ಲ. ಬೇಕಾದದ್ದು ಆ ಕೆಲಸದೊಳಗೇ ಹೆಣೆದುಕೊಂಡ ಸಂಬಂಧ. ನಮ್ಮಲ್ಲಿ ಅದಾಗಲೇ ಎರಡು ಕಡೆ ಬಂದಿತ್ತು: ಜೊತೆಗೆ ಗುರುತು ಹಾಕುವ ಸಹೋದ್ಯೋಗಿ, ಮತ್ತು ಬಿಲ್ಲಿನ ದೂರು ನೋಡುವವರು. ನಾನು ಸೇರಿಸಿದ್ದು ಒಂದೇ. ಅನುಮಾನ ಬಂದಾಗ ನನ್ನನ್ನು ಕೇಳುವ ಬದಲು ನೇರ ಅವರನ್ನೇ ಕೇಳಿ ಎಂದೆ. ಕೆಲವು ದಿನಗಳಲ್ಲಿ ಅವರೂ ಇವನಿಗೆ "ನೀವು ಕಳಿಸಿದ್ದು ಬೇಗ ಸರಿಹೋಯ್ತು" ಎಂದು ತಿಳಿಸಲು ಶುರು ಮಾಡಿದರು.

ಓದಿಗೆ ಇದೇ ಹಂತಗಳು

ನನ್ನ ತಂಗಿಯ ಮಗಳು ಮನೋವಿಜ್ಞಾನ ಓದುವಾಗ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಒಮ್ಮೆ ಅನುತ್ತೀರ್ಣಳಾದಳು. ಐದು ದಿನ ಕಾರಣ ಬರೆ ಎಂದೆ. ಐದೂ ದಿನ ಒಂದೇ ಉತ್ತರ: "ಇನ್ನೊಂದ್ಸಲ ಫೇಲಾದ್ರೆ ಅಪ್ಪನ ಮುಖ ಹೇಗೆ ನೋಡ್ಲಿ ದೊಡ್ಡಮ್ಮಾ." ಶುದ್ಧವಾದ ಒಳ ಒತ್ತಡ. ಅದರ ಲಕ್ಷಣವೂ ಇತ್ತು. ದಿನಕ್ಕೆ ಮೂರು ಗಂಟೆ ಪುಸ್ತಕದ ಮುಂದೆ ಕೂರುತ್ತಿದ್ದಳು, ಲೆಕ್ಕ ಮಾತ್ರ ಬಿಡಿಸುತ್ತಿರಲಿಲ್ಲ; ಬಿಡಿಸಿದರೆ ತಪ್ಪು ಕಾಣಿಸುತ್ತದಲ್ಲ! ಓದಿದ್ದನ್ನೇ ಓದುವುದು ಅವಳಿಗೆ ಸುರಕ್ಷಿತ ದಾರಿಯಾಗಿತ್ತು.

ಕಚೇರಿಯ ಕೆಲಸಕ್ಕೆ ಮುಂದಿನ ಕೈ ಒಂದಿರುತ್ತದೆ, ಓದಿಗೆ ಅದು ಇರುವುದಿಲ್ಲ. ಕಾರಣವನ್ನು ಓದುವವರ ಆಸಕ್ತಿಯಲ್ಲೇ ಹುಡುಕಬೇಕು. ಅವಳಿಗೆ ಮಕ್ಕಳ ನಿದ್ರೆಯ ಬಗ್ಗೆ ಕುತೂಹಲ. ಆ ವಿಷಯದ ಒಂದು ಸಂಶೋಧನಾ ಲೇಖನ ತೆಗೆದು, ಅದರ ಕೋಷ್ಟಕ ಅರ್ಥವಾಗಲು ಏನೇನು ಗೊತ್ತಿರಬೇಕು ಎಂದು ಪಟ್ಟಿ ಮಾಡಿದಳು. ಪಠ್ಯದ ಎಂಟು ಅಧ್ಯಾಯಗಳಲ್ಲಿ ಐದು ಆ ಪಟ್ಟಿಯಲ್ಲಿ ಬಂದವು. ಉಳಿದ ಮೂರು ಪರೀಕ್ಷೆಗಾಗಿ ಮಾತ್ರ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಅಧ್ಯಾಯಗಳ ಕ್ರಮ ಅವಳದೇ ಆಯಿತು. ಮೂರು ಗಂಟೆಯ ಬದಲು ದಿನಕ್ಕೆ ಐದು ಲೆಕ್ಕ, ಪುಸ್ತಕ ಮುಚ್ಚಿ. ಪ್ರತಿ ಲೆಕ್ಕಕ್ಕೂ ಮುಂಚೆ "ಬರುತ್ತದೆ" ಅಥವಾ "ಬರುವುದಿಲ್ಲ" ಎಂದು ಅಂದಾಜು ಬರೆದು ಆಮೇಲೆ ತಾಳೆ ನೋಡುವುದು. ಶನಿವಾರ ಗೆಳತಿಗೆ ಒಂದು ಅಧ್ಯಾಯ ಫೋನಿನಲ್ಲಿ ವಿವರಿಸುವುದು.

ಒತ್ತಡದ ಓದಿನಿಂದ ಅಂಕ ಬರುವುದಿಲ್ಲವೇ ಎಂದು ಕೇಳಬಹುದು. ಬರಬಹುದು. ವೆಂಡಿ ಗ್ರೋಲ್ನಿಕ್ ಮತ್ತು ರಯಾನ್ 1987ರಲ್ಲಿ ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಅಂಕ ಕೊಡುತ್ತೇವೆ ಎಂದು ಹೇಳಿ ಓದಿಸಿದ ಗುಂಪು ಬಾಯಿಪಾಠದ ಸಂಗತಿಗಳಲ್ಲಿ ಹಿಂದೆ ಬೀಳಲಿಲ್ಲ. ಆದರೆ ಪಾಠದ ಒಟ್ಟು ಅರ್ಥ ಹಿಡಿಯುವುದರಲ್ಲಿ ಹಿಂದೆ ಬಿತ್ತು. ಸುಮಾರು ಒಂದು ವಾರದ ನಂತರ ಕೇಳಿದಾಗ, ನೆನಪಿದ್ದ ಸಂಗತಿಗಳನ್ನೂ ಅದೇ ಗುಂಪು ಹೆಚ್ಚು ಮರೆತಿತ್ತು.

ಬಹುಮಾನದ ಬಗ್ಗೆ

ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಮರದ ತುಂಡುಗಳನ್ನು ಜೋಡಿಸುವ ಒಗಟನ್ನು ಬಿಡಿಸಲು ವಿದ್ಯಾರ್ಥಿಗಳಿಗೆ ಒಗಟಿಗೆ ಒಂದು ಡಾಲರಿನಂತೆ ಕೊಟ್ಟರು. ಹಣ ನಿಲ್ಲಿಸಿದ ಮೇಲೆ ಬಿಡುವಿನ ಹೊತ್ತಿನಲ್ಲಿ ಅವರು ಆ ಒಗಟಿಗೆ ಕೊಡುತ್ತಿದ್ದ ಸಮಯ ಇಳಿಯಿತು. ಇದನ್ನು ಹಿಡಿದುಕೊಂಡು ಬಹುಮಾನವೇ ಕೆಟ್ಟದ್ದು ಎನ್ನುವವರಿದ್ದಾರೆ, ಅದು ಸರಿಯಲ್ಲ. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯಾನ್ 128 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, "ಇದನ್ನು ಮಾಡಿದರೆ ಇದು ಸಿಗುತ್ತದೆ" ಎಂದು ಮೊದಲೇ ಹೇಳಿ ಕೊಡುವ ಬಹುಮಾನ ಆಸಕ್ತಿಕರ ಕೆಲಸದ ಆಸಕ್ತಿಯನ್ನು ಕುಂದಿಸುತ್ತದೆ ಎಂದು ಕಂಡಿತು. ನಿರೀಕ್ಷಿಸದೆ ಬಂದ ಬಹುಮಾನ ಕುಂದಿಸುವುದಿಲ್ಲ. ಮೊದಲೇ ನೀರಸವಾಗಿರುವ ಕೆಲಸದಲ್ಲಿ ಕುಂದಲು ಆಸಕ್ತಿಯೇ ಇರುವುದಿಲ್ಲ. ಹಾಗಾಗಿ ಐದು ಲೆಕ್ಕ ಮುಗಿಸಿ ಇಷ್ಟವಾದ ಹಾಡು ಕೇಳುವುದರಿಂದ ಹಾನಿಯಿಲ್ಲ, ಮೇಲಿನ ಹಂತಗಳ ಜಾಗವನ್ನು ಅದು ತುಂಬುವುದೂ ಇಲ್ಲ. ಆದರೆ ನಿಮಗಿಷ್ಟವಾದ ಭಾಗಕ್ಕೆ ಬಹುಮಾನದ ಬೆಲೆ ಕಟ್ಟಿಕೊಳ್ಳಬೇಡಿ.

ಹಂತ 7: ಒಂದು ತಿಂಗಳ ನಂತರ ಪರೀಕ್ಷಿಸಿ

ಕೆಲಸ ನಡೆಯುತ್ತಿದೆಯೇ ಎಂಬುದು ಸಾಲದು, ಅದು ಹಳೆಯ ಒತ್ತಡದಿಂದಲೂ ನಡೆಯುತ್ತದೆ. ಮೂರು ಕಡೆ ನೋಡಿ. ಯಾರೂ ನೋಡದ ದಿನ ಕೆಲಸದ ಗುಣಮಟ್ಟ ಏನಾಗುತ್ತದೆ? ಒಂದು ದಿನ ತಪ್ಪಿದರೆ ಮಾರನೆಯ ದಿನ ಸುಮ್ಮನೆ ಮುಂದುವರಿಯುತ್ತೀರೋ, ಅಥವಾ ನಿಮ್ಮನ್ನು ಬೈದುಕೊಂಡು ಇನ್ನೂ ಎರಡು ದಿನ ತಪ್ಪಿಸುತ್ತೀರೋ? ಮತ್ತೆ ಐದು ದಿನ ಕಾರಣ ಬರೆದರೆ ವಾಕ್ಯಗಳು ಈಗ ಯಾರ ಬಗ್ಗೆ ಇವೆ?

ಬದಲಾವಣೆ ಇಲ್ಲದಿದ್ದರೆ ಯಾವುದು ಕೊರತೆ ಎಂದು ತಿಳಿಯುವ ಗುರುತುಗಳಿವೆ. ಸಿಡಿಮಿಡಿ, ಬೇಕೆಂದೇ ತಡ ಮಾಡುವುದು ಇದ್ದರೆ ಸ್ವಾಯತ್ತತೆಯ ಕಡೆ ನೋಡಿ. ಶುರು ಮಾಡಲು ಭಯ, ಮತ್ತೆ ಮತ್ತೆ ತಯಾರಿಯಲ್ಲೇ ಉಳಿಯುವುದು ಇದ್ದರೆ ಸಾಮರ್ಥ್ಯದ ಕಡೆ. ಕೆಲಸ ಸರಿಯಾಗಿಯೇ ಆಗುತ್ತಿದೆ, ಆದರೂ "ಯಾರಿಗಾಗಿ ಇದೆಲ್ಲ" ಎನ್ನಿಸಿದರೆ ಬಾಂಧವ್ಯದ ಕಡೆ. ಮೂರನ್ನೂ ಒಟ್ಟಿಗೆ ಸರಿಪಡಿಸಲು ಹೊರಟರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಈ ವಿಧಾನ ತಲುಪದ ಜಾಗಗಳೂ ಇವೆ. ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಿದ್ದರೆ, ಸಂಬಳ ನ್ಯಾಯವಾಗಿಲ್ಲದಿದ್ದರೆ, ಸರಿಪಡಿಸಬೇಕಾದದ್ದು ಅದನ್ನೇ. ಅಲ್ಲಿ ಕಾರಣ, ಆಯ್ಕೆ ಎಂದು ಮಾತಾಡುವುದು ಮೋಸವಾಗುತ್ತದೆ. ಯಾವ ಕೆಲಸದಲ್ಲೂ, ಹಿಂದೆ ಇಷ್ಟವಾಗುತ್ತಿದ್ದದ್ದರಲ್ಲೂ ವಾರಗಟ್ಟಲೆ ಮನಸ್ಸು ತೊಡಗದಿದ್ದರೆ ಅದು ಪ್ರೇರಣೆಯ ತೊಂದರೆ ಇರಲಾರದು, ವೈದ್ಯರನ್ನು ಕಾಣಬೇಕು.

ಆ ಹುಡುಗನ ಎರಡನೆಯ ಸಲದ ಐದು ಸಾಲುಗಳಲ್ಲಿ ಮೂರು ದೂರು ಕೊಟ್ಟವರ ಬಗ್ಗೆ ಇದ್ದವು. ಒಂದರಲ್ಲಿ "ಬಿಲ್ಲಿನವರು ಕಾಯುತ್ತಿರುತ್ತಾರೆ" ಎಂದಿತ್ತು, ಒಂದರಲ್ಲಿ ಇನ್ನೂ "ಮೇಡಂ ನೋಡುತ್ತಾರೆ". "ಇತರೆ"ಗೆ ಹೋಗುವ ದೂರುಗಳು ದಿನಕ್ಕೆ ನಾಲ್ಕೈದಕ್ಕೆ ಇಳಿದಿದ್ದವು. ಕೆಲಸ ಈಗ ಇಷ್ಟವಾಗುತ್ತದೆಯೇ ಎಂದು ಕೇಳಿದೆ. "ಇಲ್ಲ ಮೇಡಂ, ಬೇಸರವೇ," ಎಂದು ನಾಲ್ಕು ಗಂಟೆಯ ಕಂತು ತೆರೆದು ಕೂತ.